ತಪ್ಪಿಗೂ ಕೆಂಪು, ಕುಂಕುಮಕ್ಕೂ ಕೆಂಪು: ಮಕ್ಕಳ ಆ್ಯಪ್‌ಗೆ ಯಾವ ಬಣ್ಣ?

ಪ್ರಶ್ನೆ: 4ರಿಂದ 6 ವರ್ಷದ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ಆ್ಯಪ್ ಮಾಡ್ತಿದ್ದೇವೆ. ಅರಿಶಿನ, ಕುಂಕುಮದ ಬಣ್ಣವೇ ಇರಲಿ ಅಂದುಕೊಂಡಿದ್ದೇವೆ. ಸರಿ ಉತ್ತರಕ್ಕೆ ಹಸಿರು, ತಪ್ಪಿಗೆ ಕೆಂಪು. ಬರೆಯುವ ಜಾಗ ಕಪ್ಪಿರಲಿ ಅಂತ ಒಬ್ಬರು, ಕಪ್ಪು ಅಶುಭ ಅಂತ ಇನ್ನೊಬ್ಬರು. ಏನು ಮಾಡೋಣ?

ಉತ್ತರ: ಅರಿಶಿನ, ಕುಂಕುಮ ಇರಲಿ. ತಪ್ಪಿನ ಕೆಂಪನ್ನು ಮಾತ್ರ ತೆಗೆದುಬಿಡಿ. ಹಬ್ಬದ ದಿನ ಹಣೆಗಿಡುವ ಬಣ್ಣವೇ ಮುಂದಿನ ಪರದೆಯಲ್ಲಿ ‘ನೀನು ತಪ್ಪು’ ಅಂದರೆ ಮಗು ಯಾವುದನ್ನು ನಂಬಬೇಕು? ಅದೂ ಅಲ್ಲದೆ ಕೆಂಪು, ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣದ ಮಕ್ಕಳಿದ್ದಾರೆ, ಗಂಡುಮಕ್ಕಳಲ್ಲಿ ಜಾಸ್ತಿ. ತಪ್ಪಾದಾಗ ಅಕ್ಷರ ಸ್ವಲ್ಪ ಅಲುಗಾಡಿ ತನ್ನ ಜಾಗಕ್ಕೆ ವಾಪಸ್ ಹೋಗಲಿ. ಸರಿಯಾದಾಗ ನಕ್ಷತ್ರ ಬರಲಿ. ಬಣ್ಣ ಇಲ್ಲದೆಯೂ ವಿಷಯ ತಿಳಿಯಬೇಕು.

ಇನ್ನು ಹಳದಿ. ಬಿಳಿ ಪರದೆಯ ಮೇಲೆ `#FFD600` ಹಳದಿಯಲ್ಲಿ ಅಕ್ಷರ ಬರೆದರೆ ಕಾಂಟ್ರಾಸ್ಟ್ ಸುಮಾರು 1.4:1. ಮಾಮೂಲಿ ಅಕ್ಷರಕ್ಕೆ ಕನಿಷ್ಠ 4.5:1 ಬೇಕು. ಕನ್ನಡದಲ್ಲಿ ಇದು ಇನ್ನೂ ಕಷ್ಟ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆ ಸೀಳಿದ ಆ ಒಂದು ಸಣ್ಣ ಗೆರೆ, ಅಷ್ಟೇ. ತೆಳು ಬಣ್ಣದಲ್ಲಿ ಮೊದಲು ಮಾಯವಾಗುವುದೇ ಅದು. ‘ಪ’, ‘ಷ’ ಕಥೆಯೂ ಇದೇ. ಆದ್ದರಿಂದ ಹಳದಿ ಹಿನ್ನೆಲೆಯಲ್ಲಿರಲಿ, ಅಕ್ಷರ ಕಡುನೀಲಿಯಲ್ಲಿರಲಿ. `#1F2A44` ಇಟ್ಟರೆ ಸುಮಾರು 10:1 ಸಿಗುತ್ತದೆ. ಹಳದಿಯ ಮೇಲೆ `#C8102E` ಕೆಂಪು ಕಣ್ಣಿಗೆ ಚೆಂದ, ಆದರೆ 4.2ರ ಹತ್ತಿರವೇ ನಿಲ್ಲುತ್ತದೆ. ಅದನ್ನು ದೊಡ್ಡ ಚಿತ್ರಕ್ಕೆ, ಬಟನ್ ಅಂಚಿಗೆ ಬಳಸಿ, ಸಣ್ಣ ಬರಹಕ್ಕೆ ಬೇಡ. ಮೇಲೆ ಹಳದಿ, ಕೆಳಗೆ ಕೆಂಪು ಅಂತ ಎರಡು ಅಗಲದ ಪಟ್ಟಿ ಮಾತ್ರ ಹಾಕಬೇಡಿ. ಅದನ್ನು ನೋಡಿದವರಿಗೆ ಬಾವುಟವೇ ನೆನಪಾಗುತ್ತದೆ, ಅಲ್ವಾ?

ಕಪ್ಪಿನ ಜಗಳದಲ್ಲಿ ಇಬ್ಬರ ಮಾತಿನಲ್ಲೂ ಸತ್ಯ ಇದೆ. ಹುಟ್ಟುಹಬ್ಬಕ್ಕೆ ಕಪ್ಪು ಬಟ್ಟೆ ಬೇಡ ಅನ್ನುವ ಅಜ್ಜಿಯೇ ಮಗುವಿನ ಕೆನ್ನೆಗೆ ಕಪ್ಪು ದೃಷ್ಟಿಬೊಟ್ಟು ಇಡುತ್ತಾರೆ. ಬಣ್ಣದ ಅರ್ಥ ಸಂದರ್ಭದ್ದು. ಬರೆಯುವ ಚೌಕ ಕಪ್ಪಾದರೆ ಅದು ಸ್ಲೇಟು, ಯಾರೂ ತಕರಾರು ಮಾಡುವುದಿಲ್ಲ. ಬಹುಮಾನದ ಪರದೆ ಕಪ್ಪಾದರೆ ಅಪ್ಪ ಅಮ್ಮನಿಗೆ ಕಸಿವಿಸಿ.

ನೀವು ಕೇಳದ ಒಂದು ವಿಷಯ: ಪಾತ್ರಗಳ ಬಟ್ಟೆ. ರಾಮುಗೆ ಕೇಸರಿ, ಆಯೇಷಾಗೆ ಹಸಿರು, ಹುಡುಗಿಯರಿಗೆಲ್ಲ ಗುಲಾಬಿ ಅಂತ ಸುಮ್ನೆ ಹಾಕಿಬಿಡುತ್ತೇವೆ. ಹಸಿರು ಸೀಮಂತದ ಬಳೆಗೂ ಉಂಟು, ಗದ್ದೆಗೂ ಉಂಟು. ಅದನ್ನು ಒಂದೇ ಹೆಸರಿಗೆ ಕಟ್ಟಿಹಾಕಬೇಡಿ. ಪ್ರತಿ ಪಾಠದಲ್ಲೂ ಬಟ್ಟೆ ಬದಲಾಯಿಸಿ.

ಕೊನೆಗೊಂದು ಪರೀಕ್ಷೆ. ಆಂಡ್ರಾಯ್ಡ್ ಫೋನಿನ `Developer options` ಒಳಗೆ `Simulate color space` ತೆರೆದು `Monochromacy` ಆರಿಸಿ. ಪರದೆಯೆಲ್ಲ ಬೂದು ಬಣ್ಣಕ್ಕೆ ತಿರುಗುತ್ತದೆ. ಆಗಲೂ ‘ಧ’ದ ಸೀಳು ಕಂಡು, ಯಾವ ಉತ್ತರ ಸರಿ ಅಂತ ಗೊತ್ತಾದರೆ ಆ ಪರದೆ ಮುಗಿಯಿತು. ಸೀಳು ಕಾಣದಿದ್ದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಕಾಂಟ್ರಾಸ್ಟ್ ಹೆಚ್ಚಿಸಿ, ಉತ್ತರ ತಿಳಿಯದಿದ್ದರೆ ಅದನ್ನು ಬಣ್ಣದ ಬದಲು ನಕ್ಷತ್ರ, ಅಲುಗಾಟದಲ್ಲಿ ತೋರಿಸಿ.