ಜಮೀನಿನ ಹಳೆಯ ಕಾಗದಗಳ ಸ್ಕ್ಯಾನ್‌: ಯಾವುದನ್ನು ಇಡಬೇಕು, ಯಾವುದನ್ನು ಅಳಿಸಬಹುದು?

ಪ್ರಶ್ನೆ: ನಮ್ಮ ತಂದೆಯವರು ಜಮೀನಿನ ಹಳೆಯ ಕಾಗದಪತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿಸಿಟ್ಟಿದ್ದಾರೆ. ಈಗ ಹಾರ್ಡ್ ಡಿಸ್ಕ್ ತುಂಬಿಹೋಗಿದೆ. ಯಾವುದನ್ನು ಉಳಿಸಿಕೊಳ್ಳಬೇಕೆಂದು ತೀರ್ಮಾನಿಸುವುದು ಹೇಗೆ?

ಮೊದಲು ಫೈಲುಗಳನ್ನು ಗಾತ್ರದ ಕ್ರಮದಲ್ಲಿ ಜೋಡಿಸಿ ನೋಡಿ. ನಮ್ಮ ಮನೆಯ ಸಂಗ್ರಹ 42 ಜಿಬಿ ಇತ್ತು. ಅದರಲ್ಲಿ 38 ಜಿಬಿಯನ್ನು ಆಕ್ರಮಿಸಿದ್ದದ್ದು ಕೇವಲ 380 ಪುಟಗಳು, ಏಕೆಂದರೆ ಅವುಗಳನ್ನು 600 ಡಿಪಿಐನಲ್ಲಿ, ಬಣ್ಣದಲ್ಲಿ, ಕುಗ್ಗಿಸದ ಟಿಫ್ ಫೈಲುಗಳಾಗಿ ಉಳಿಸಲಾಗಿತ್ತು. ಹಾಗೆ ಉಳಿಸಿದ ಒಂದು ಎ4 ಪುಟವೇ ಸುಮಾರು 100 ಎಂಬಿ ಆಗುತ್ತದೆ. ಅದೇ ಪುಟವನ್ನು 300 ಡಿಪಿಐನ ಜೆಪೆಗ್ ಆಗಿ ಇಟ್ಟರೆ ಒಂದೆರಡು ಎಂಬಿಯಲ್ಲಿ ಮುಗಿಯುತ್ತದೆ. ಆದ್ದರಿಂದ ಹಳೆಯ ಕಂದಾಯ ರಸೀದಿಯಂತಹ ಸಣ್ಣ ಫೈಲುಗಳನ್ನು ಅಳಿಸಬೇಕೇ ಬೇಡವೇ ಎಂದು ಕೊರಗುವುದರಿಂದ ಜಾಗವೇನೂ ಸಿಗುವುದಿಲ್ಲ. ಅವುಗಳನ್ನು ಇದ್ದ ಹಾಗೆಯೇ ಬಿಡಿ.

ದೊಡ್ಡ ಫೈಲುಗಳ ವಿಷಯದಲ್ಲಿ ಪ್ರತಿಯೊಂದಕ್ಕೂ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಇದು ಹೋದರೆ ಮತ್ತೆ ಎಲ್ಲಿಂದ ತರಬಹುದು? ಭೂಮಿ ಯೋಜನೆಯಲ್ಲಿ ಗಣಕೀಕರಣವಾದ ಮೇಲಿನ ಪಹಣಿಗಳು ಮತ್ತು 2004ರ ಏಪ್ರಿಲ್‌ನಿಂದ ಈಚಿನ ಋಣಭಾರ ಪತ್ರಗಳು ಆನ್‌ಲೈನ್‌ನಲ್ಲಿ ಪುನಃ ದೊರೆಯುತ್ತವೆ. ಆದರೂ ದೊರೆಯುತ್ತದೆಂಬ ನಂಬಿಕೆಯಿಂದ ಅಳಿಸಬೇಡಿ. ಒಮ್ಮೆ ನಿಜವಾಗಿಯೂ ತೆಗೆಸಿ, ಸರ್ವೆ ನಂಬರು, ಹಿಸ್ಸಾ ಮತ್ತು ವಿಸ್ತೀರ್ಣವನ್ನು ಹಳೆಯ ಸ್ಕ್ಯಾನ್‌ನೊಂದಿಗೆ ತಾಳೆ ನೋಡಿದ ಮೇಲೆಯೇ ಅಳಿಸಿ. ಅದಕ್ಕೂ ಹಿಂದಿನ ಕೈಬರಹದ ಪಹಣಿಗಳು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಇರಬೇಕಾದವು, ಆದರೆ ಪುಸ್ತಕದ ಹಾಳೆ ಹರಿದಿದ್ದರೆ ಅಲ್ಲಿಯೂ ನಿಮಗೆ ಬೇಕಾದ ಸಾಲು ಇರುವುದಿಲ್ಲ. ಇವು ಉಳಿಯಲಿ. ಊರ ಹಿರಿಯರ ಎದುರು ಬರೆದು ನೋಂದಣಿ ಮಾಡಿಸದೆ ಬಿಟ್ಟ ಪಾಲುಪಟ್ಟಿ, ಬೀರುವಿನಲ್ಲಿ ಮೂಲವೇ ಇಲ್ಲದ ಕಾಗದ, ಗೆದ್ದಲು ತಿಂದ ಕಾಗದ ಇವು ಯಾವ ಕಚೇರಿಯಿಂದಲೂ ಮರಳಿ ಬರುವಂಥವಲ್ಲ. ಸ್ಕ್ಯಾನ್ ಪ್ರತಿ ಮೂಲ ಪತ್ರಕ್ಕೆ ಸಮವಲ್ಲ, ನಿಜ. ಆದರೆ ಮೂಲವೇ ಇಲ್ಲದಿದ್ದಾಗ ಅದರಲ್ಲಿ ಏನು ಬರೆದಿತ್ತೆಂದು ತಿಳಿಯಲು ಉಳಿಯುವುದು ಅದೊಂದೇ.

ನೋಂದಾಯಿತ ಕ್ರಯಪತ್ರಗಳಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ಛಾಪಾ ಕಾಗದದ ಹಿಂಬದಿಯ ಸ್ಕ್ಯಾನ್‌ಗಳು ಬಹುಪಾಲು ಖಾಲಿಯಾಗಿ, ಒಂದೆರಡು ಮಸುಕಾದ ಮೊಹರುಗಳೊಂದಿಗೆ ಕಾಣುತ್ತಿದ್ದವು. ಅವುಗಳಿಂದ ಪ್ರಯೋಜನವಿಲ್ಲವೆಂದು ಭಾವಿಸಿ ಒಂದು ಪತ್ರದ ಅಂತಹ ಪುಟಗಳನ್ನು ಅಳಿಸಿದೆ. ಆದರೆ ಉಪನೋಂದಣಾಧಿಕಾರಿಗಳು ದಸ್ತಾವೇಜಿನ ಸಂಖ್ಯೆ, 1ನೇ ಪುಸ್ತಕದ ಸಂಪುಟ ಮತ್ತು ಪುಟಸಂಖ್ಯೆಗಳನ್ನು ಹಿಂಬರಹವಾಗಿ ಬರೆಯುವುದು ಅಲ್ಲಿಯೇ. ಆ ಸಂಖ್ಯೆ ಮತ್ತು ವರ್ಷ ಗೊತ್ತಿದ್ದರೆ ದೃಢೀಕೃತ ನಕಲಿಗೆ ನೇರವಾಗಿ ಅರ್ಜಿ ಹಾಕಬಹುದು. ನಮ್ಮ ಮೂಲ ಪತ್ರ ದಾಯಾದಿಗಳ ಬಳಿ ಉಳಿದಿದ್ದ ಕಾರಣ, ನಾನು ಹೆಸರುಗಳ ಸೂಚಿಯಲ್ಲಿ ವರ್ಷದಿಂದ ವರ್ಷಕ್ಕೆ ಹುಡುಕಿಸಬೇಕಾಯಿತು. ಮುಂಬದಿಯ ಒಕ್ಕಣೆಯನ್ನು ನಕಲಿನಿಂದ ಮತ್ತೆ ಪಡೆಯಬಹುದು, ಆದರೆ ಆ ನಕಲಿಗೆ ದಾರಿ ತೋರುವುದು ಹಿಂಬದಿ.

ಹೀಗೆ ವಿಂಗಡಿಸಿದಾಗ ನಮ್ಮ 380 ಪುಟಗಳಲ್ಲಿ 60 ಪುಟಗಳಿಗೆ ಸ್ಕ್ಯಾನ್ ಬಿಟ್ಟು ಬೇರೆ ಆಧಾರವಿರಲಿಲ್ಲ. ಅವು ಟಿಫ್ ಆಗಿಯೇ ಉಳಿದವು. ಎಲ್‌ಝಡ್‌ಡಬ್ಲ್ಯೂ ವಿಧಾನದಿಂದ ಕುಗ್ಗಿಸಿದರೆ ಒಂದು ಚುಕ್ಕೆಯೂ ನಷ್ಟವಾಗದೆ ಗಾತ್ರ ಇಳಿಯುತ್ತದೆ. ಉಳಿದ 320 ಪುಟಗಳನ್ನು ಬಣ್ಣದ ಜೆಪೆಗ್‌ಗೆ ಪರಿವರ್ತಿಸಿದೆ. ಕಪ್ಪು-ಬಿಳುಪಿಗೆ ಬದಲಿಸಬೇಡಿ, ಏಕೆಂದರೆ ನೇರಳೆ ಶಾಯಿಯ ಮೊಹರು ಮತ್ತು ಪೆನ್ಸಿಲ್‌ನಲ್ಲಿ ಮಾಡಿದ ತಿದ್ದುಪಡಿಗಳು ಮೊದಲು ಮಾಯವಾಗುವುದು ಅದರಲ್ಲೇ. ಅತಿಯಾಗಿ ಕುಗ್ಗಿಸುವ ಪಿಡಿಎಫ್ ವಿಧಾನಗಳ ಬಗ್ಗೆಯೂ ಎಚ್ಚರವಿರಲಿ. ಒಂದೇ ರೀತಿ ಕಾಣುವ ಅಕ್ಷರಗಳನ್ನು ಒಂದೇ ಚಿತ್ರದಿಂದ ತುಂಬುವ ವಿಧಾನದಲ್ಲಿ 6 ಇದ್ದ ಕಡೆ 8 ಬಂದು ಕೂರುವುದು 2013ರಲ್ಲಿ ಬೆಳಕಿಗೆ ಬಂದಿತು. ಸರ್ವೆ ನಂಬರಿನಲ್ಲಿ ಹಾಗಾದರೆ ಪುಟ ನೋಡಲು ಸ್ಪಷ್ಟವಾಗಿಯೇ ಇರುತ್ತದೆ, ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಪರಿವರ್ತನೆಯಾದ ಪ್ರತಿ ಪುಟವನ್ನೂ ದೊಡ್ಡದು ಮಾಡಿ, ಅತಿ ಸಣ್ಣ ಬರವಣಿಗೆಯನ್ನು, ಅಂದರೆ ಗುಂಟೆಯ ಅಂಕಿ, ಚೆಕ್ಕುಬಂದಿಯ ಹೆಸರುಗಳು ಮತ್ತು ಮೊಹರಿನ ತಾರೀಖನ್ನು ಓದಿ ನೋಡಿ. ಓದಲಾಗದ ಪುಟಗಳ ಟಿಫ್ ಅನ್ನು ಇಟ್ಟುಕೊಳ್ಳಿ. ನಮ್ಮಲ್ಲಿ ಅಂತಹವು 11 ಬಂದವು. ಉಳಿದ ಟಿಫ್‌ಗಳನ್ನು ಬೇರೊಂದು ಡಿಸ್ಕಿಗೆ ಸಾಗಿಸಿ, ಅಣ್ಣತಮ್ಮಂದಿರಿಗೂ ಪಟ್ಟಿಯನ್ನು ತೋರಿಸಿ, ಮೂರು ತಿಂಗಳ ನಂತರ ಅಳಿಸಿದೆ. ಈಗ ಆ 38 ಜಿಬಿ ಇದ್ದ ಜಾಗದಲ್ಲಿ 6 ಜಿಬಿಗಿಂತ ಕಡಿಮೆ ಇದೆ. ಪ್ರತಿ ಕ್ರಯಪತ್ರದ ಫೈಲಿನ ಹೆಸರಿನಲ್ಲೇ ದಸ್ತಾವೇಜು ಸಂಖ್ಯೆಯನ್ನೂ ವರ್ಷವನ್ನೂ ಸೇರಿಸಿದ್ದೇನೆ.