ಇಂಟರ್‌ವ್ಯೂ ಮೇಲ್ ಬರಲೇ ಇಲ್ಲ

ಕೆಲಸ ಹುಡುಕಲು ಸಹಾಯ ಕೇಳಿ ನನ್ನ ಹತ್ತಿರ ಬಂದಿದ್ದ ಒಬ್ಬರ ಕಥೆ ಇದು. ಅವರ ಹೆಸರು ಬದಲಿಸಿದ್ದೇನೆ, ಊರಿನ ಹೆಸರು ಹೇಳಿಲ್ಲ. ಮಂಜುನಾಥ ಅಂತಿಟ್ಟುಕೊಳ್ಳಿ. ಮೆಕ್ಯಾನಿಕಲ್ ಡಿಪ್ಲೊಮಾ, ಒಂದಿಷ್ಟು ವರ್ಷ ಸಿಎನ್‌ಸಿ ಮೆಷಿನ್ ಮೇಲೆ ಕೆಲಸ. "ಮೇಡಂ, ಕಂಪನಿಯವರು ಫೋನಲ್ಲಿ ಚೆನ್ನಾಗೇ ಮಾತಾಡ್ತಾರೆ, ಮೇಲ್ ಕಳಿಸ್ತೀವಿ ಅಂತಾರೆ, ಆಮೇಲೆ ಸುದ್ದೀನೇ ಇರಲ್ಲ" ಅಂದರು.

ಮೇಲ್ ಐಡಿ ಬಾಯಲ್ಲಿ ಹೇಳಿ, ನಾನು ಬರ್ಕೊಳ್ತೀನಿ ಅಂದೆ. "ಚಿನ್ನುಮಂಜು ನೈನ್ ಏಯ್ಟ್ ಡಬಲ್ ಓ ಸೆವೆನ್." ನಾನು `chinnumanju98007` ಬರೆದೆ. ಅವರದ್ದು `chinnumanju98oo7`! ಸೊನ್ನೆ ಹಾಕಿದ ಐಡಿ ಕಾಲೇಜಿನಲ್ಲಿದ್ದಾಗ ಸಿಗಲಿಲ್ಲವಂತೆ, ಅದಕ್ಕೆ ಓ ಅಕ್ಷರ. ಅಂದರೆ ಸೊನ್ನೆಯ ಐಡಿ ಬೇರೆ ಯಾರದೋ ಆಗಿತ್ತು. ಇಲ್ಲದ ವಿಳಾಸಕ್ಕೆ ಹೋದ ಮೇಲ್ ವಾಪಸ್ ಬರುತ್ತದೆ, ಕಳಿಸಿದವರಿಗೆ ತಪ್ಪು ಗೊತ್ತಾಗುತ್ತದೆ. ಇಲ್ಲಿ ಇವರಿಗೆ ಬರಬೇಕಾದ ಮೇಲ್ ಆ ಇನ್ನೊಬ್ಬರಿಗೆ ಹೋಗಿ ಸುಮ್ನೆ ಬಿದ್ದಿರುತ್ತದೆ. ಜೊತೆಗೆ 98 ಹುಟ್ಟಿದ ವರ್ಷ. ರೆಸ್ಯೂಮೆ ತೆರೆಯುವ ಮೊದಲೇ ವಯಸ್ಸು ಹೇಳಿದಂತಾಯ್ತು. ಚಿನ್ನು ಅನ್ನೋದು ಅಜ್ಜಿ ಕರೆಯೋ ಹೆಸರಂತೆ, ಅದು ಮನೆಯಲ್ಲೇ ಇರಲಿ.

ಹೊಸದು ಹುಡುಕಲು ಕೂತೆವು. ಇನಿಷಿಯಲ್ ಎಚ್.ಆರ್. ಆದ್ದರಿಂದ `manjunatha.hr` ಅಂದರು. ನೋಡಿದವರಿಗೆ ಎಚ್‌ಆರ್ ವಿಭಾಗದವರ ಐಡಿ ಅನ್ನಿಸುತ್ತೆ ಅಲ್ವಾ? ಚುಕ್ಕಿ ತೆಗೆದು ಇನ್ನೊಂದು ಮಾಡೋಣ ಅಂದರೆ ಜಿಮೇಲ್‌ಗೆ ಚುಕ್ಕಿ ಲೆಕ್ಕಕ್ಕೇ ಇಲ್ಲ, ಇದ್ದರೂ ಇಲ್ಲದಿದ್ದರೂ ಒಂದೇ ಐಡಿ. ಕೊನೆಗೆ ಆರ್ ಅನ್ನು ಬಿಡಿಸಿ ತಂದೆಯ ಹೆಸರನ್ನೇ ಸೇರಿಸಿದೆವು: `manjunatha.rangappa`. ಸಿಕ್ಕಿತು. ಮಾರ್ಕ್ಸ್ ಕಾರ್ಡಿನಲ್ಲಿ ಮಂಜುನಾಥದ ಕೊನೆಗೆ a ಇದೆ, ಹಾಗಾಗಿ ಐಡಿಯಲ್ಲೂ ರೆಸ್ಯೂಮೆಯಲ್ಲೂ ಇರಲಿ ಅಂದೆ. ಆದರೆ ಫೋನಲ್ಲಿ ಹೇಳುವಾಗ "ಮಂಜುನಾಥದ ಕೊನೆಗೆ ಎ ಇದೆ" ಅಂತ ಸೇರಿಸಬೇಕು, ಸಾಧ್ಯವಾದರೆ "ವಾಟ್ಸ್ಆ್ಯಪ್‌ನಲ್ಲಿ ಟೈಪ್ ಮಾಡಿ ಕಳಿಸ್ತೀನಿ" ಅನ್ನೋದೇ ವಾಸಿ. ಸಿಗದಿದ್ದರೆ ಹೆಸರು ಹಿಂದೆ ಮುಂದೆ ಮಾಡಿ ನೋಡಬಹುದಿತ್ತು. `cnc` ಸೇರಿಸೋಣ್ವಾ ಅಂದರು, ಬೇಡ ಅಂದೆ. ನಾಳೆ ಕ್ವಾಲಿಟಿ ವಿಭಾಗಕ್ಕೆ ಹೋದರೆ?

ಹಳೇ ಐಡಿ ಡಿಲೀಟ್ ಮಾಡಬೇಡಿ ಅಂತ ಒತ್ತಿ ಹೇಳಿದೆ. ಬ್ಯಾಂಕು, ಹಳೇ ಅರ್ಜಿಗಳು ಎಲ್ಲ ಅದಕ್ಕೇ ಅಂಟಿಕೊಂಡಿರುತ್ತವೆ. ಕಂಪ್ಯೂಟರಿನಲ್ಲಿ ಹಳೇ ಐಡಿಯ ಸೆಟ್ಟಿಂಗ್ಸ್ ತೆರೆದು, ಅಲ್ಲಿಗೆ ಬಂದದ್ದು ಹೊಸದಕ್ಕೂ ಬರುವ ಹಾಗೆ ಫಾರ್ವರ್ಡಿಂಗ್ ಹಾಕಿಸಿದೆ. ಉತ್ತರ ಮಾತ್ರ ಹೊಸದರಿಂದಲೇ.

ಎಲ್ಲ ಮುಗೀತು ಅಂದುಕೊಂಡು ರೆಸ್ಯೂಮೆ ಪಿಡಿಎಫ್ ತೆರೆದು ಐಡಿ ಮೇಲೆ ಕ್ಲಿಕ್ ಮಾಡಿದರೆ ಬಂದದ್ದು ಚಿನ್ನುಮಂಜುನೇ! ವರ್ಡ್‌ನಲ್ಲಿ ಮೇಲೆ ಕಾಣುವ ಅಕ್ಷರ ತಿದ್ದಿದ್ದರು, ಒಳಗಿನ ಲಿಂಕ್ ಹಳೇದೇ ಉಳಿದಿತ್ತು. ಲಿಂಕ್ ತೆಗೆಸಿ, ಪಿಡಿಎಫ್ ಮತ್ತೆ ಮಾಡಿಸಿ, ಜಾಬ್ ಪೋರ್ಟಲ್‌ನಲ್ಲೂ ಬದಲಿಸಿ, ನನಗೊಂದು ಮೇಲ್ ಹಾಕಿ ಅಂದೆ. ಹೊಸ ಐಡಿಯಿಂದಲೇ ಬಂತು, ಕಳಿಸಿದವರ ಹೆಸರಿನ ಜಾಗದಲ್ಲಿ ಮಾತ್ರ "ರಾಕಿಂಗ್ ಮಂಜು" ಅಂತಿತ್ತು. ಐಡಿ ಮಾಡುವಾಗ ಹೆಸರಿನ ಜಾಗದಲ್ಲಿ ಅದನ್ನೇ ತುಂಬಿದ್ದರಂತೆ. ಅದನ್ನೂ ಸೆಟ್ಟಿಂಗ್ಸ್‌ನಲ್ಲಿ ಅಲ್ಲೇ ಕೂತು ತಿದ್ದಿದರು.