ಬ್ಯಾಂಕು ಕಡಿದದ್ದು ತೆರಿಗೆಯಲ್ಲ, ಮುಂಗಡ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

2025ರ ಅಕ್ಟೋಬರ್ ಎರಡನೇ ವಾರ ಹಾಸನದ ನಮ್ಮ ಸಲಹಾ ಕೊಠಡಿಗೆ 68 ವರ್ಷದ ನಿವೃತ್ತ ಮೇಷ್ಟ್ರೊಬ್ಬರು ಪಾಸ್‌ಬುಕ್ಕಿನ ಒಂದು ಸಾಲಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಂಡು ಬಂದರು. ಸೆಪ್ಟೆಂಬರ್ ಕೊನೆಗೆ ಠೇವಣಿಯ ಬಡ್ಡಿ 35,000 ಜಮೆ, ಅದರ ಕೆಳಗೇ 3,500 ಖರ್ಚು. ಜೂನ್‌ನಲ್ಲೂ ಹಾಗೇ ಆಗಿತ್ತು.

"ನೋಡಮ್ಮ, ಹಿರಿಯರಿಗೆ ಒಂದು ಲಕ್ಷದವರೆಗೆ ಬಡ್ಡಿಗೆ ತೆರಿಗೆ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ನನಗೆ ಈ ವರ್ಷ ಇನ್ನೂ 70,000 ಬಂದಿದೆ ಅಷ್ಟೇ. ಅಷ್ಟರಲ್ಲೇ ಹೇಗೆ ಕಡಿದರು?"

ಅವರ ಲೆಕ್ಕ ಹೀಗಿತ್ತು. ಪಿಂಚಣಿ ತಿಂಗಳಿಗೆ 40,000. ಹಾಸನದ ಒಂದು ಬ್ಯಾಂಕಿನಲ್ಲಿ ಶೇ. 7ರಂತೆ 20 ಲಕ್ಷ ಠೇವಣಿ, ವರ್ಷಕ್ಕೆ 1,40,000 ಬಡ್ಡಿ. ಊರಿನ ಸಹಕಾರಿ ಬ್ಯಾಂಕಿನಲ್ಲಿ ಶೇ. 8ರಂತೆ 10 ಲಕ್ಷ, ಬಡ್ಡಿ 80,000. ಸಹಕಾರಿ ಬ್ಯಾಂಕಿನವರು ಏನೂ ಕಡಿದಿರಲಿಲ್ಲ. ಹಾಗಾಗಿ ಮೇಷ್ಟ್ರು 20 ಲಕ್ಷದ ಠೇವಣಿಯನ್ನು ಅವಧಿಗೆ ಮುಂಚೆಯೇ ಮುರಿಸಿ, ಅರ್ಧವನ್ನು ಮೂರನೇ ಬ್ಯಾಂಕಿನಲ್ಲಿ ಇಡಲು ಹೊರಟಿದ್ದರು.

ಅವರ ತಲೆಯಲ್ಲಿ ಎರಡು ಮಿತಿಗಳು ಒಂದಕ್ಕೊಂದು ಬೆರೆತುಹೋಗಿದ್ದವು. 1 ಲಕ್ಷ ಅನ್ನುವುದು ಟಿಡಿಎಸ್‌ನ, ಅಂದರೆ ಬಡ್ಡಿ ಕೊಡುವಾಗಲೇ ಹಿಡಿಯುವ ತೆರಿಗೆಯ ಮಿತಿ. 2025ರ ಏಪ್ರಿಲ್ 1ರವರೆಗೆ ಅದು 50,000 ಇತ್ತು. ಒಂದೇ ಬ್ಯಾಂಕಿನಿಂದ ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಬಡ್ಡಿ ಬರುವಂತಿದ್ದರೆ, ಬ್ಯಾಂಕು ಪೂರ್ತಿ ಬಡ್ಡಿಗೆ ಶೇ. 10ರಂತೆ ಹಿಡಿದು ನಿಮ್ಮ ಪ್ಯಾನ್ ಹೆಸರಿಗೆ ಸರ್ಕಾರಕ್ಕೆ ಕಟ್ಟುತ್ತದೆ. ಮಿತಿ ಮೀರಿದ 40,000ಕ್ಕೆ ಮಾತ್ರ ಅಲ್ಲ. ಇಡೀ ವರ್ಷದ ಬಡ್ಡಿ ಎಷ್ಟಾಗುತ್ತದೆ ಎಂದು ಬ್ಯಾಂಕಿಗೆ ಮೊದಲೇ ಗೊತ್ತಿರುವುದರಿಂದ, ಮೊದಲ ಕಂತಿನಿಂದಲೇ ಹಿಡಿಯುತ್ತಾರೆ. ಹಿಡಿದದ್ದು ಮುಂಗಡ, ಅಷ್ಟೇ. ತೆರಿಗೆ ಬರುತ್ತದೋ ಇಲ್ಲವೋ ಅನ್ನುವುದನ್ನು ವರ್ಷದ ಒಟ್ಟು ಆದಾಯ ಹೇಳಬೇಕು. ಸಹಕಾರಿ ಬ್ಯಾಂಕು ಕಡಿಯಲಿಲ್ಲ ಎಂದ ಮಾತ್ರಕ್ಕೆ ಆ 80,000 ಆದಾಯವಲ್ಲ ಎಂದಾಗುವುದಿಲ್ಲ. ರಿಟರ್ನ್ಸ್‌ನಲ್ಲಿ ಅದನ್ನೂ ತೋರಿಸಲೇಬೇಕು.

ಇನ್ನೊಂದು ಮಿತಿ 50,000. ಅದು ಆಗಿನ ಕಾಯ್ದೆಯ 80ಟಿಟಿಬಿ ಕಲಮಿನ ಕಡಿತ. 60 ದಾಟಿದವರು ಬ್ಯಾಂಕು, ಸಹಕಾರಿ ಬ್ಯಾಂಕು, ಅಂಚೆ ಕಚೇರಿಯ ಬಡ್ಡಿಯಲ್ಲಿ ವರ್ಷಕ್ಕೆ ಒಟ್ಟು 50,000ದವರೆಗೆ ಆದಾಯದಿಂದ ಕಳೆಯಬಹುದು. ಆದರೆ ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. "ಅದನ್ನ ಬಿಡಬಾರದು ಅಂತ ಹೋದ ವರ್ಷ ಹಳೆ ಪದ್ಧತಿಯಲ್ಲೇ ರಿಟರ್ನ್ಸ್ ಹಾಕಿಸಿದೆ" ಅಂದರು ಮೇಷ್ಟ್ರು. ನನಗೆ ಹೊಟ್ಟೆ ಚುರುಕ್ ಅಂದದ್ದು ಅಲ್ಲೇ. ಕೂತು ಈ ವರ್ಷದ್ದನ್ನು ಎರಡೂ ರೀತಿಯಲ್ಲಿ ಬರೆದೆವು.

ಹಳೆ ಪದ್ಧತಿ: ಪಿಂಚಣಿ 4,80,000ದಲ್ಲಿ ಪ್ರಮಾಣಿತ ಕಡಿತ 50,000 ಕಳೆದು, ಬಡ್ಡಿ 2,20,000 ಸೇರಿಸಿ, 80ಟಿಟಿಬಿಯ 50,000 ತೆಗೆದರೆ 6,00,000. ಮೊದಲ 3 ಲಕ್ಷಕ್ಕೆ ತೆರಿಗೆ ಇಲ್ಲ, ಮುಂದಿನ 2 ಲಕ್ಷಕ್ಕೆ 10,000, ಕೊನೆಯ 1 ಲಕ್ಷಕ್ಕೆ 20,000. ಸೆಸ್ ಸೇರಿ 31,200.

ಹೊಸ ಪದ್ಧತಿ: ಪ್ರಮಾಣಿತ ಕಡಿತ 75,000. 80ಟಿಟಿಬಿ ಇಲ್ಲ. ಆದಾಯ 6,25,000. 2025-26ರಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ಪೂರ್ತಿ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ.

ಮೇಷ್ಟ್ರು ಕನ್ನಡಕ ತೆಗೆದು ಎರಡೂ ಹಾಳೆಗಳನ್ನು ಮತ್ತೆ ಕೂಡಿಸಿ ನೋಡಿದರು. ಷೇರು, ಮ್ಯೂಚುವಲ್ ಫಂಡ್, ಸೈಟು ಏನಾದರೂ ಮಾರಿದ್ದೀರಾ ಎಂದು ಕೇಳಿದೆ. ಆ ಲಾಭದ ವಿಶೇಷ ದರದ ತೆರಿಗೆಗೆ ಈ ರಿಯಾಯಿತಿ ಸಿಗುವುದಿಲ್ಲ. ಇಲ್ಲ ಅಂದರು. ಜಮೀನನ್ನೂ ತಮ್ಮನಿಗೇ ಬಿಟ್ಟುಕೊಟ್ಟಿದ್ದರು.

ಹಾಗಾಗಿ ಠೇವಣಿ ಮುರಿಸಬೇಡಿ ಎಂದೆ. ಮುರಿಸಿದರೆ ಬಡ್ಡಿದರದಲ್ಲಿ ದಂಡ ಹೋಗುತ್ತದೆ, ತೆರಿಗೆಯಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ. ಅದರ ಬದಲು ಬ್ಯಾಂಕಿಗೆ 15ಎಚ್ ಫಾರಂ ಕೊಡಿ. ವರ್ಷದ ಅಂದಾಜು ತೆರಿಗೆ ಸೊನ್ನೆ ಇರುವ ಹಿರಿಯರು 2025-26ರಲ್ಲಿ ಅದನ್ನು ಕೊಡಬಹುದಿತ್ತು, ಕೊಟ್ಟ ಮೇಲೆ ಬ್ಯಾಂಕು ಕಡಿಯುತ್ತಿರಲಿಲ್ಲ. ಹಳೆ ಪದ್ಧತಿಯಲ್ಲೇ ಉಳಿದಿದ್ದರೆ ಅವರು ಅದಕ್ಕೆ ಸಹಿ ಹಾಕುವಂತಿರಲಿಲ್ಲ, ಅದು ಸುಳ್ಳು ಘೋಷಣೆಯಾಗುತ್ತಿತ್ತು. ಫಾರಂ ತುಂಬುವಾಗ ಒಟ್ಟು ಆದಾಯದ ಜಾಗದಲ್ಲಿ ಅವರು ಆ ಬ್ಯಾಂಕಿನ ಬಡ್ಡಿಯನ್ನು ಮಾತ್ರ ಬರೆಯಹೊರಟರು. ತುಂಬಾ ಜನ ಎಡವುವ ಜಾಗ ಇದು. ಪಿಂಚಣಿ, ಎರಡೂ ಬ್ಯಾಂಕಿನ ಬಡ್ಡಿ ಸೇರಿಸಿ 6,25,000 ಎಂದು ಬರೆಸಿದೆ. ಕೊಟ್ಟದ್ದಕ್ಕೆ ಸ್ವೀಕೃತಿ ತಪ್ಪದೆ ತೆಗೆದುಕೊಳ್ಳಿ ಎಂದೆ.

"ಆಗಲೇ ಹೋದ 7,000?" ಅದನ್ನು ಬ್ಯಾಂಕು ವಾಪಸ್ ಕೊಡಲಾರದು, ಸರ್ಕಾರಕ್ಕೆ ಕಟ್ಟಾಗಿದೆ. ಆದಾಯ ತೆರಿಗೆ ಪೋರ್ಟಲ್ಲಿನಲ್ಲಿ, ನಮ್ಮ ಹೆಸರಿಗೆ ಕಟ್ಟಾದ ತೆರಿಗೆ ತೋರಿಸುವ 26ಎಎಸ್ ಪಟ್ಟಿಯಲ್ಲಿ ಅವರ ಪ್ಯಾನ್ ಎದುರು ಮೊದಲ ತ್ರೈಮಾಸಿಕದ 3,500 ಕಂಡಿತು. ಎರಡನೆಯದು ಬ್ಯಾಂಕು ವಿವರ ಸಲ್ಲಿಸಿದ ಮೇಲೆ ಬರುತ್ತದೆ. 2026ರ ಜುಲೈ 31ರೊಳಗೆ ಹೊಸ ಪದ್ಧತಿಯಲ್ಲಿ ರಿಟರ್ನ್ಸ್ ಹಾಕಿದರೆ 7,000 ನಿಮ್ಮ ಖಾತೆಗೇ ಬರುತ್ತದೆ ಎಂದೆ. ಖಾತೆಯನ್ನು ಪೋರ್ಟಲ್ಲಿನಲ್ಲಿ ದೃಢೀಕರಿಸಿರಬೇಕು. ಆ ಕೆಲಸವನ್ನು ಅಲ್ಲೇ, ಅವರ ಮೊಬೈಲಿಗೆ ಬಂದ ಓಟಿಪಿ ಹಾಕಿ ಮುಗಿಸಿದೆವು.

ಘೋಷಣೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಹೊಸದಾಗಿ ಕೊಡಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತದೆ, ಆಗ ಯಾವ ಫಾರಂ ಎಂದು ಶಾಖೆಯಲ್ಲಿ ಕೇಳಿ ತುಂಬಿ ಎಂದು ಅವರ ಡೈರಿಯಲ್ಲಿ ಬರೆದುಕೊಟ್ಟೆ. ಡಿಸೆಂಬರ್ ಕೊನೆಗೆ ಪೂರ್ತಿ 35,000 ಜಮೆಯಾಯಿತು ಎಂದು ಫೋನ್ ಮಾಡಿದರು.